ಗ್ರೇಡ್ ಯಾರ ಸಾಲಿನಲ್ಲಿ ಬರೆಯಬೇಕು?

ಯಾವುದೇ ಪದವಿ ಕಾಲೇಜಿನ ಕಚೇರಿಯಲ್ಲಿ ಎರಡು ಪಟ್ಟಿಗಳು ಇದ್ದೇ ಇರುತ್ತವೆ. ಒಂದು ವಿದ್ಯಾರ್ಥಿಗಳದ್ದು: ನೋಂದಣಿ ಸಂಖ್ಯೆ, ಹೆಸರು, ಹುಟ್ಟಿದ ದಿನಾಂಕ, ಊರು. ಇನ್ನೊಂದು ಕೋರ್ಸ್‌ಗಳದ್ದು: ಕೋಡ್, ಹೆಸರು, ಕ್ರೆಡಿಟ್. ಮಾತಿಗೆ ಕಾವ್ಯ ಎಂಬ ವಿದ್ಯಾರ್ಥಿನಿ ಇದ್ದಾಳೆ ಎಂದುಕೊಳ್ಳಿ. ಅವಳು ಸಂಖ್ಯಾಶಾಸ್ತ್ರದ ಕೋರ್ಸ್‌ಗೆ ಸೇರಿದ ದಿನಾಂಕವನ್ನೂ ಅದರಲ್ಲಿ ಅವಳಿಗೆ ಬಂದ ಗ್ರೇಡನ್ನೂ ಕಂಪ್ಯೂಟರಿಗೆ ಹಾಕಬೇಕು. ಯಾವ ಪಟ್ಟಿಗೆ ಹಾಕುತ್ತೀರಿ?

ವಿದ್ಯಾರ್ಥಿಗಳ ಪಟ್ಟಿಗೆ ಹಾಕೋಣವೆಂದರೆ ಕಾವ್ಯ ಕಲಿಯುವುದು ಒಂದೇ ಕೋರ್ಸ್ ಅಲ್ಲ. ಗಣಿತವಿದೆ, ಕನ್ನಡವಿದೆ, ಒಂದೊಂದರಲ್ಲಿ ಒಂದೊಂದು ಗ್ರೇಡ್. ಕೋರ್ಸ್‌ಗಳ ಪಟ್ಟಿಗೆ ಹಾಕೋಣವೆಂದರೆ ಸಂಖ್ಯಾಶಾಸ್ತ್ರಕ್ಕೆ ಸೇರಿದವರು ಅರವತ್ತು ಜನ, ಅರವತ್ತು ಗ್ರೇಡ್. ಒಬ್ಬ ವಿದ್ಯಾರ್ಥಿಗೆ ಹಲವು ಕೋರ್ಸ್, ಒಂದು ಕೋರ್ಸ್‌ಗೆ ಹಲವು ವಿದ್ಯಾರ್ಥಿಗಳು. ಡೇಟಾಬೇಸ್ ಓದಿದವರು ಇದನ್ನು ಮೆನಿ-ಟು-ಮೆನಿ ಸಂಬಂಧ ಎನ್ನುತ್ತಾರೆ. ಬಿಸಿಎ ಪಠ್ಯದಲ್ಲಿ ಅರ್ಧ ಪುಟದಲ್ಲಿ ಮುಗಿದುಹೋಗುವ ವಿಷಯ ಇದು. ಆದರೆ ಆ ಅರ್ಧ ಪುಟದಲ್ಲಿ ಎಡವಿದರೆ ಮುಂದೆ ಅಂಕಪಟ್ಟಿಯೇ ತಪ್ಪಾಗುತ್ತದೆ. ಹಾಗಾಗಿ ಇಲ್ಲಿ ಒಬ್ಬಳೇ ವಿದ್ಯಾರ್ಥಿನಿಯ ಒಂದೇ ಕೋರ್ಸನ್ನು ಹಿಡಿದು ಕೊನೆಯವರೆಗೂ ಹೋಗೋಣ.

ಮೊದಲಿಗೆ ಎಲ್ಲರೂ ಮಾಡುವುದನ್ನು ನೋಡಿ. ಎಕ್ಸೆಲ್ ಹಾಳೆಯಲ್ಲಿ ಹೆಸರಿನ ಪಕ್ಕ ಕೋರ್ಸ್-1, ಗ್ರೇಡ್-1, ಕೋರ್ಸ್-2, ಗ್ರೇಡ್-2 ಎಂದು ಏಳೆಂಟು ಜೋಡಿ ಕಾಲಂ ಹಾಕುತ್ತಾರೆ. ಒಂದು ಸೆಮಿಸ್ಟರ್‌ವರೆಗೆ ಇದು ಚೆನ್ನಾಗಿಯೇ ನಡೆಯುತ್ತದೆ. ಆಮೇಲೆ ಪ್ರಾಂಶುಪಾಲರು ಬಂದು ‘ಸಂಖ್ಯಾಶಾಸ್ತ್ರ ತೆಗೆದುಕೊಂಡವರು ಎಷ್ಟು ಜನ?’ ಎಂದು ಕೇಳುತ್ತಾರೆ. ಒಬ್ಬರಿಗೆ ಅದು ಎರಡನೇ ಕಾಲಂನಲ್ಲಿದೆ, ಇನ್ನೊಬ್ಬರಿಗೆ ಐದನೆಯದರಲ್ಲಿದೆ. ಎಂಟೂ ಕಾಲಂ ಹುಡುಕಬೇಕು. ಒಂಬತ್ತನೇ ಕೋರ್ಸ್ ತೆಗೆದುಕೊಳ್ಳುವ ವಿದ್ಯಾರ್ಥಿ ಬಂದ ದಿನ ಹಾಳೆಯನ್ನೇ ಬದಲಿಸಬೇಕು.

ಇನ್ನು ಕೆಲವರು ಕಾಲಂಗಳೇ ಬೇಡವೆಂದು ಕೋರ್ಸ್ ಸಂಖ್ಯೆಗಳನ್ನೆಲ್ಲ ಒಂದೇ ಮನೆಯೊಳಗೆ ಅಲ್ಪವಿರಾಮ ಹಾಕಿ ತುಂಬುತ್ತಾರೆ: `7,12,31`. ಇದು ಇನ್ನೂ ಅಪಾಯ. 12 ಇರುವ ಸಾಲುಗಳನ್ನು ಹುಡುಕು ಎಂದರೆ ಕಂಪ್ಯೂಟರ್ 112 ಇರುವ ಸಾಲನ್ನೂ 120 ಇರುವ ಸಾಲನ್ನೂ ತಂದಿಡುತ್ತದೆ, ಏಕೆಂದರೆ ಅದಕ್ಕೆ ಅದು ಬರೀ ಅಕ್ಷರಗಳ ಸಾಲು. ಗ್ರೇಡನ್ನೂ ದಿನಾಂಕವನ್ನೂ ಹೀಗೆಯೇ ಇನ್ನೆರಡು ಮನೆಗಳಲ್ಲಿ ತುಂಬಿದ್ದರಂತೂ, ಒಂದು ಅಲ್ಪವಿರಾಮ ತಪ್ಪಿದರೆ ಸಾಕು, ಗಣಿತದ ಗ್ರೇಡ್ ಕನ್ನಡಕ್ಕೆ ಹೋಗಿ ಕೂರುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ.

ಮದುವೆಯ ದಿನಾಂಕವನ್ನು ನೆನೆಸಿಕೊಳ್ಳಿ. ಅದು ಗಂಡಿನ ಜಾತಕದಲ್ಲಿಯೂ ಇಲ್ಲ, ಹೆಣ್ಣಿನ ಜಾತಕದಲ್ಲಿಯೂ ಇಲ್ಲ. ಅವರಿಬ್ಬರೂ ಒಂದಾದ ಆ ಘಟನೆಗೆ ಸೇರಿದ್ದು. ಗ್ರೇಡೂ ಹಾಗೆಯೇ. ‘ಕಾವ್ಯಳ ಗ್ರೇಡ್ ಎಷ್ಟು?’ ಎಂದರೆ ಉತ್ತರವಿಲ್ಲ, ‘ಸಂಖ್ಯಾಶಾಸ್ತ್ರದ ಗ್ರೇಡ್ ಎಷ್ಟು?’ ಎಂದರೂ ಉತ್ತರವಿಲ್ಲ. ‘ಸಂಖ್ಯಾಶಾಸ್ತ್ರದಲ್ಲಿ ಕಾವ್ಯಳ ಗ್ರೇಡ್ ಎಷ್ಟು?’ ಎಂದಾಗ ಮಾತ್ರ ಉತ್ತರ ಸಿಗುತ್ತದೆ. ಇಬ್ಬರ ಹೆಸರೂ ಹೇಳದೆ ಉತ್ತರ ಸಿಗದ ಮಾಹಿತಿ ಇಬ್ಬರನ್ನೂ ಜೋಡಿಸುವ ಸಾಲಿನಲ್ಲಿ ಇರಬೇಕು. ಅದಕ್ಕಾಗಿಯೇ ಮೂರನೆಯ ಟೇಬಲ್. ಅದರ ಹೆಸರು ಜಂಕ್ಷನ್ ಟೇಬಲ್.

ಟೇಬಲ್, ಸಾಲು, ಕೀ ಎಂಬ ಈ ಇಡೀ ಲೋಕಕ್ಕೆ ತಳಹದಿ ಹಾಕಿದವರು ಐಬಿಎಂನಲ್ಲಿದ್ದ ಎಡ್ಗರ್ ಕಾಡ್. 1970ರಲ್ಲಿ ಪ್ರಕಟವಾದ ಅವರ ಪ್ರಬಂಧದಿಂದ ರಿಲೇಷನಲ್ ಡೇಟಾಬೇಸ್ ಎಂಬ ಕಲ್ಪನೆ ಹುಟ್ಟಿತು. ನಮ್ಮ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡವರು ಪೀಟರ್ ಚೆನ್. 1976ರ ಅವರ ಪ್ರಬಂಧದಲ್ಲಿ ನೌಕರರು ಮತ್ತು ಪ್ರಾಜೆಕ್ಟ್‌ಗಳ ಉದಾಹರಣೆ ಬರುತ್ತದೆ. ಒಬ್ಬ ನೌಕರ ಒಂದು ಪ್ರಾಜೆಕ್ಟ್‌ಗೆ ತನ್ನ ಸಮಯದ ಶೇಕಡಾ ಎಷ್ಟು ಪಾಲು ಕೊಡುತ್ತಾನೆ ಎಂಬ ಅಂಕಿ ನೌಕರನಿಗೂ ಸೇರಿದ್ದಲ್ಲ, ಪ್ರಾಜೆಕ್ಟ್‌ಗೂ ಸೇರಿದ್ದಲ್ಲ, ಅವೆರಡರ ಸಂಬಂಧಕ್ಕೆ ಸೇರಿದ್ದು ಎಂದು ಅವರು ತೋರಿಸಿದರು. ಸಂಬಂಧಕ್ಕೂ ಅದರದೇ ಗುಣಗಳಿರುತ್ತವೆ ಎಂಬ ಈ ಒಂದು ಮಾತು ಸಿಕ್ಕಿದರೆ ಕಾಲೇಜಿನ ಲೆಕ್ಕ ಸಲೀಸಾಗುತ್ತದೆ.

ಬಹಳಷ್ಟು ಪಾಠಗಳಲ್ಲಿ ಆ ಮೂರನೆಯ ಟೇಬಲ್ ಹೀಗಿರುತ್ತದೆ:

```sql
CREATE TABLE enrollment (
  student_id  INTEGER NOT NULL,
  course_id   INTEGER NOT NULL,
  enrolled_on DATE NOT NULL,
  grade       VARCHAR(2),
  PRIMARY KEY (student_id, course_id),
  FOREIGN KEY (student_id) REFERENCES student(id),
  FOREIGN KEY (course_id)  REFERENCES course(id)
);
```

ಕೋಡ್ ಓದಿ ಅಭ್ಯಾಸವಿಲ್ಲದವರಿಗೂ ಇದು ಕಷ್ಟವಲ್ಲ. ಒಂದೊಂದು ಸಾಲಿನಲ್ಲೂ ಒಬ್ಬ ವಿದ್ಯಾರ್ಥಿಯ ಸಂಖ್ಯೆ, ಒಂದು ಕೋರ್ಸ್‌ನ ಸಂಖ್ಯೆ, ಸೇರಿದ ದಿನಾಂಕ, ಗ್ರೇಡ್. ಹೆಸರು, ಊರು, ಕ್ರೆಡಿಟ್ ಯಾವುದೂ ಇಲ್ಲಿ ಇಲ್ಲ. ಅವೆಲ್ಲ ತಮ್ಮ ತಮ್ಮ ಟೇಬಲ್‌ನಲ್ಲಿಯೇ ಇವೆ. `FOREIGN KEY` ಎಂಬ ಕೊನೆಯ ಎರಡು ಸಾಲು ಕಾವಲುಗಾರನ ಕೆಲಸ ಮಾಡುತ್ತವೆ: ಪಟ್ಟಿಯಲ್ಲೇ ಇಲ್ಲದ ವಿದ್ಯಾರ್ಥಿಯನ್ನು, ಇಲ್ಲದ ಕೋರ್ಸನ್ನು ಇಲ್ಲಿ ಬರೆಯಲು ಬಿಡುವುದಿಲ್ಲ. ಎಲ್ಲ ಸಾಫ್ಟ್‌ವೇರ್‌ನಲ್ಲೂ ಈ ಕಾವಲು ತಾನಾಗಿಯೇ ಇರುತ್ತದೆ ಎಂದು ನಂಬಬೇಡಿ. ಎಸ್‌ಕ್ಯೂಲೈಟ್‌ನಲ್ಲಿ ಸಾಮಾನ್ಯವಾಗಿ `PRAGMA foreign_keys = ON` ಎಂದು ಪ್ರತಿ ಸಂಪರ್ಕದಲ್ಲೂ ಹೇಳಿದರೆ ಮಾತ್ರ ಕಾವಲು ಎಚ್ಚರವಾಗಿರುತ್ತದೆ. ಹೇಳದಿದ್ದರೆ ನಿಯಮ ಬರೆದಿದ್ದೂ ಬರೆಯದಂತೆಯೇ. ಪರೀಕ್ಷಿಸುವುದು ಸುಲಭ. ಇಲ್ಲದ ವಿದ್ಯಾರ್ಥಿ ಸಂಖ್ಯೆ ಕೊಟ್ಟು ಒಂದು ಸಾಲು ಸೇರಿಸಿ ನೋಡಿ. ಸೇರಿಕೊಂಡರೆ ಕಾವಲಿಲ್ಲ ಎಂದೇ ಅರ್ಥ.

ಮಧ್ಯದ `PRIMARY KEY` ಸಾಲನ್ನು ಈಗ ನೋಡಬೇಕು. ವಿದ್ಯಾರ್ಥಿ ಮತ್ತು ಕೋರ್ಸ್‌ನ ಒಂದು ಜೋಡಿ ಈ ಟೇಬಲ್‌ನಲ್ಲಿ ಒಂದೇ ಸಲ ಬರಬಹುದು ಎಂದು ಅದು ಹೇಳುತ್ತದೆ. ಕೇಳಲು ಸರಿಯಾಗಿಯೇ ಇದೆ. ಗುಂಡಿಯನ್ನು ಎರಡು ಸಲ ಒತ್ತಿದರೂ ಎರಡು ಸಾಲು ಆಗುವುದಿಲ್ಲ. ಮೊದಲ ವರ್ಷ ಯಾವ ತೊಂದರೆಯೂ ಕಾಣುವುದಿಲ್ಲ.

ಕಾವ್ಯ 2023ರ ಆಗಸ್ಟ್ 21ರಂದು ಸಂಖ್ಯಾಶಾಸ್ತ್ರಕ್ಕೆ ಸೇರಿದಳು. ಸೆಮಿಸ್ಟರ್ ಮುಗಿದಾಗ `F` ಬಂತು, ಎಂದರೆ ಫೇಲ್. ಅವಳ ಕಾಲೇಜಿನಲ್ಲಿ ಫೇಲಾದವರು ಮರುವರ್ಷ ಆ ಕೋರ್ಸ್‌ಗೆ ಮತ್ತೆ ನೋಂದಾಯಿಸಿ ತರಗತಿಯಲ್ಲಿ ಕೂರಬೇಕೆಂಬ ನಿಯಮವಿದೆ ಎಂದುಕೊಳ್ಳೋಣ. 2024ರ ಆಗಸ್ಟ್ 19ರಂದು ಅವಳು ಮತ್ತೆ ಅರ್ಜಿ ಕೊಡುತ್ತಾಳೆ. ಕಚೇರಿಯ ಗುಮಾಸ್ತರು ದಾಖಲಿಸಲು ಹೋದರೆ ಕಂಪ್ಯೂಟರ್ ಒಪ್ಪುವುದಿಲ್ಲ. ಕಾವ್ಯ ಮತ್ತು ಸಂಖ್ಯಾಶಾಸ್ತ್ರದ ಜೋಡಿ ಆಗಲೇ ಇದೆ ಎನ್ನುತ್ತದೆ.

ಹೊರಗೆ ಸಾಲುಗಟ್ಟಿ ನಿಂತಿರುವಾಗ ಗುಮಾಸ್ತರು ಏನು ಮಾಡುತ್ತಾರೆ? ಹಳೆಯ ಸಾಲನ್ನೇ ತೆರೆದು ದಿನಾಂಕ ತಿದ್ದುತ್ತಾರೆ, `F` ಅಳಿಸಿ ಖಾಲಿ ಬಿಡುತ್ತಾರೆ. ಡಿಸೆಂಬರ್‌ನಲ್ಲಿ ಅಲ್ಲಿಗೆ `B+` ಬಂದು ಕೂರುತ್ತದೆ. ತಪ್ಪು ಅವರದಲ್ಲ. ಬೇರೆ ದಾರಿಯನ್ನು ಟೇಬಲ್ ಇಟ್ಟಿರಲೇ ಇಲ್ಲ.

ಇದರಿಂದ ಏನಾಯಿತೆಂದು ಲೆಕ್ಕ ಹಾಕಿ ನೋಡೋಣ. ಯುಜಿಸಿ 2015ರಲ್ಲಿ ಕೊಟ್ಟ ಹತ್ತು ಅಂಕಗಳ ಪದ್ಧತಿಯಲ್ಲಿ `O`ಗೆ 10, `A+`ಗೆ 9, `A`ಗೆ 8, `B+`ಗೆ 7, ಹೀಗೆ ಇಳಿಯುತ್ತಾ `F`ಗೆ 0. ಗ್ರೇಡ್‌ನ ಅಂಕವನ್ನು ಕ್ರೆಡಿಟ್‌ನಿಂದ ಗುಣಿಸಿ, ಎಲ್ಲ ಕೂಡಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಿದರೆ ಎಸ್‌ಜಿಪಿಎ. ಕಾವ್ಯಳಿಗೆ 2023ರ ಆ ಸೆಮಿಸ್ಟರ್‌ನಲ್ಲಿ ನಾಲ್ಕು ಕ್ರೆಡಿಟ್‌ನ ಗಣಿತದಲ್ಲಿ `A`, ಮೂರು ಕ್ರೆಡಿಟ್‌ನ ಕನ್ನಡದಲ್ಲಿ `A+`, ನಾಲ್ಕು ಕ್ರೆಡಿಟ್‌ನ ಸಂಖ್ಯಾಶಾಸ್ತ್ರದಲ್ಲಿ `F`. ಗಣಿತದಿಂದ 32, ಕನ್ನಡದಿಂದ 27, ಸಂಖ್ಯಾಶಾಸ್ತ್ರದಿಂದ 0. ಒಟ್ಟು 59ನ್ನು 11ರಿಂದ ಭಾಗಿಸಿದರೆ 5.36. ಫೇಲಾದ ಕೋರ್ಸನ್ನು ಲೆಕ್ಕಕ್ಕೆ ಹೇಗೆ ಹಿಡಿಯಬೇಕೆಂಬ ನಿಯಮ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆಯಾಗಬಹುದು, ಇದು ಸರಳ ಲೆಕ್ಕ. ಈ 5.36 ಮುದ್ರಿತವಾದ ಅಂಕಪಟ್ಟಿ ಅವಳ ಮನೆಯಲ್ಲಿದೆ.

ಈಗ ಹಳೆಯ ಸಾಲಿನಲ್ಲಿ `F` ಹೋಗಿ `B+` ಬಂದಿದೆ. ಅಂಕಪಟ್ಟಿ ಕಳೆದುಹೋಯಿತೆಂದು ಅವಳು 2025ರಲ್ಲಿ ನಕಲು ಪ್ರತಿ ಕೇಳುತ್ತಾಳೆ. ಕಂಪ್ಯೂಟರ್ ಮತ್ತೆ ಲೆಕ್ಕ ಹಾಕುತ್ತದೆ: 32, 27, 28, ಒಟ್ಟು 87, ಎಸ್‌ಜಿಪಿಎ 7.91. ಒಂದೇ ಸೆಮಿಸ್ಟರ್‌ಗೆ ಒಂದೇ ಕಾಲೇಜು ಕೊಟ್ಟ ಎರಡು ಅಂಕಪಟ್ಟಿಗಳು, ಒಂದರಲ್ಲಿ 5.36, ಇನ್ನೊಂದರಲ್ಲಿ 7.91. ಅಥವಾ ಸೇರಿದ ದಿನಾಂಕ 2024 ಆಗಿರುವುದರಿಂದ 2023ರ ಅಂಕಪಟ್ಟಿಯಲ್ಲಿ ಸಂಖ್ಯಾಶಾಸ್ತ್ರವೇ ಕಾಣದೆ ಹೋಗಬಹುದು. ಕೆಲಸ ಕೊಡುವ ಕಂಪನಿಯವರು ಪರಿಶೀಲನೆಗೆ ಬರೆದರೆ ಫೋರ್ಜರಿಯ ಅನುಮಾನ ಬರುವುದು ಕಾವ್ಯಳ ಮೇಲೆ. ಅವಳು ಮಾಡಿದ್ದೇನೂ ಇಲ್ಲ. ಟೇಬಲ್ ಮಾಡಿದವರು ಒಂದು ಪ್ರಶ್ನೆ ಕೇಳಿಕೊಳ್ಳದೆ ಬಿಟ್ಟಿದ್ದರು: ಈ ಟೇಬಲ್‌ನ ಒಂದು ಸಾಲು ಯಾವ ಸಂಗತಿಯನ್ನು ಹೇಳುತ್ತದೆ?

‘ಈ ವಿದ್ಯಾರ್ಥಿ ಈ ಕೋರ್ಸ್ ತೆಗೆದುಕೊಂಡಿದ್ದಾಳೆ’ ಎಂದು ಹೇಳಿದರೆ ಸಾಲದು. ‘ಈ ವಿದ್ಯಾರ್ಥಿ ಈ ಕೋರ್ಸನ್ನು ಈ ಅವಧಿಯಲ್ಲಿ ತೆಗೆದುಕೊಂಡಳು’ ಎಂದು ಹೇಳಬೇಕು. ಆಗ ಕೀಯೊಳಗೆ ಅವಧಿಯೂ ಸೇರುತ್ತದೆ:

```sql
term VARCHAR(10) NOT NULL,   -- '2023-ODD', '2024-ODD'
PRIMARY KEY (student_id, course_id, term)
```

ಈಗ ಕಾವ್ಯಳಿಗೆ ಎರಡು ಸಾಲುಗಳಿರುತ್ತವೆ:

```
student_id  course_id  term      enrolled_on  grade
101         12         2023-ODD  2023-08-21   F
101         12         2024-ODD  2024-08-19   B+
```

ಫೇಲಾದದ್ದು ನಿಜ, ಆಮೇಲೆ ಪಾಸಾದದ್ದೂ ನಿಜ. ಎರಡೂ ಉಳಿದವು. 2023ರ ಅಂಕಪಟ್ಟಿಯನ್ನು ಯಾವಾಗ ಮುದ್ರಿಸಿದರೂ 5.36 ಬರುತ್ತದೆ. ಪದವಿಯ ಕೊನೆಯಲ್ಲಿ ಒಟ್ಟು ಲೆಕ್ಕಕ್ಕೆ ಕೊನೆಯ ಗ್ರೇಡ್ ಹಿಡಿಯಬೇಕೋ, ಎರಡರಲ್ಲಿ ಉತ್ತಮವಾದದ್ದನ್ನು ಹಿಡಿಯಬೇಕೋ ಎಂಬುದು ವಿಶ್ವವಿದ್ಯಾಲಯದ ತೀರ್ಮಾನ. ಅದು ಲೆಕ್ಕ ಹಾಕುವ ಹೊತ್ತಿನ ಪ್ರಶ್ನೆ. ನಿಯಮ ನಾಳೆ ಬದಲಾದರೆ ಲೆಕ್ಕದ ವಿಧಾನ ಬದಲಿಸಿದರೆ ಸಾಕು, ದಾಖಲೆಯನ್ನು ಮುಟ್ಟಬೇಕಾಗಿಲ್ಲ.

ಇಲ್ಲಿ ಜಾಣರೇ ತಪ್ಪುವ ಜಾಗ ಒಂದಿದೆ. ‘ಸೇರಿದ ದಿನಾಂಕ ಹೇಗೂ ಇದೆಯಲ್ಲ, ಅದನ್ನೇ ಕೀಗೆ ಸೇರಿಸಿದರೆ ಆಯಿತು, ಅವಧಿಗೆ ಬೇರೆ ಕಾಲಂ ಯಾಕೆ?’ ಎಂದು ಕೇಳುತ್ತಾರೆ. ದಿನಾಂಕವನ್ನು ಕೀಗೆ ಸೇರಿಸಿದರೆ ಎರಡನೇ ವರ್ಷದ ನೋಂದಣಿಯನ್ನು ಕಂಪ್ಯೂಟರ್ ಒಪ್ಪುತ್ತದೆ, ನಿಜ. ಆದರೆ ಒಂದು ಅರ್ಜಿ ಆಗಸ್ಟ್ 19ರಂದು ದಾಖಲಾಗಿ, ಶುಲ್ಕದ ರಸೀದಿ ಬಂದ ಮೇಲೆ 22ರಂದು ಇನ್ನೊಬ್ಬ ಗುಮಾಸ್ತರು ಅದನ್ನೇ ಮತ್ತೆ ದಾಖಲಿಸಿದರೆ ಅದನ್ನೂ ಒಪ್ಪಿಬಿಡುತ್ತದೆ. ದಿನಾಂಕ ಬೇರೆ, ಹಾಗಾಗಿ ಸಾಲೂ ಬೇರೆ. ತರಗತಿಯಲ್ಲಿ ಅರವತ್ತು ಜನ, ಕಂಪ್ಯೂಟರ್‌ನಲ್ಲಿ ಅರವತ್ತೊಂದು. ಡಿಸೆಂಬರ್‌ನಲ್ಲಿ ಒಂದು ಸಾಲಿಗೆ ಗ್ರೇಡ್ ಬೀಳುತ್ತದೆ, ಇನ್ನೊಂದು ಖಾಲಿ ಉಳಿಯುತ್ತದೆ, ‘ಫಲಿತಾಂಶ ತಡೆಹಿಡಿಯಲಾಗಿದೆ’ ಎಂದು ಪರದೆಯಲ್ಲಿ ಬರುತ್ತದೆ. ದಿನಾಂಕ ನಡೆದ ಸಂಗತಿಯ ವಿವರ. ಒಂದು ನೋಂದಣಿಯನ್ನು ಇನ್ನೊಂದರಿಂದ ಬೇರ್ಪಡಿಸುವುದು ಸೆಮಿಸ್ಟರ್. ಇವೆರಡನ್ನು ಕಲಸಬಾರದು.

ಹೀಗೆ ಕಲಸಿರುವ ಹಳೆಯ ದಾಖಲೆ ನಿಮ್ಮ ಬಳಿ ಇದ್ದರೆ, ಅವಧಿಯ ಕಾಲಂ ತುಂಬಿದ ಮೇಲೆ ಇದನ್ನು ಓಡಿಸಿ:

```sql
SELECT student_id, course_id, term, COUNT(*)
FROM enrollment
GROUP BY student_id, course_id, term
HAVING COUNT(*) > 1;
```

ಒಂದೂ ಸಾಲು ಬರಬಾರದು. ಬಂದರೆ ಬಂದಷ್ಟನ್ನೂ ಕೈಯಲ್ಲೇ, ಮೂಲ ಅರ್ಜಿ ಇಟ್ಟುಕೊಂಡು ಬಿಡಿಸಬೇಕು. ‘ಮೊದಲನೆಯದನ್ನು ಅಳಿಸು’ ಎಂಬಂಥ ಆದೇಶವನ್ನು ಕಂಪ್ಯೂಟರಿಗೆ ಕೊಡಬೇಡಿ. ಗ್ರೇಡ್ ಇರುವ ಸಾಲು ಯಾವುದೆಂದು ಅದಕ್ಕೆ ಗೊತ್ತಿರುವುದಿಲ್ಲ.

ದೊಡ್ಡ ಕಾಲೇಜುಗಳಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ‘2024ರ ಬೆಸ ಸೆಮಿಸ್ಟರ್‌ನಲ್ಲಿ ಇಂಥ ಅಧ್ಯಾಪಕರು ನಡೆಸಿದ ಸಂಖ್ಯಾಶಾಸ್ತ್ರದ ತರಗತಿ’ ಎಂಬುದಕ್ಕೇ ಒಂದು ಟೇಬಲ್ ಮಾಡಿ, ನೋಂದಣಿಯನ್ನು ಅದಕ್ಕೆ ಜೋಡಿಸುತ್ತಾರೆ. ಅಧ್ಯಾಪಕರ ಹೆಸರು, ಕೊಠಡಿ, ಆ ವರ್ಷದ ಕ್ರೆಡಿಟ್ ಎಲ್ಲಕ್ಕೂ ಅಲ್ಲಿ ಜಾಗ ಸಿಗುತ್ತದೆ.

ನಮ್ಮ ಬಹಳಷ್ಟು ಕಾಲೇಜುಗಳಲ್ಲಿ ಇನ್ನೊಂದು ಪದ್ಧತಿಯೂ ಇದೆ, ಇದನ್ನು ಹೊರಗಿನಿಂದ ಬಂದ ಸಾಫ್ಟ್‌ವೇರ್‌ಗಳು ಗಮನಿಸುವುದೇ ಇಲ್ಲ. ಬ್ಯಾಕ್‌ಲಾಗ್ ಇರುವ ವಿದ್ಯಾರ್ಥಿ ಮತ್ತೆ ತರಗತಿಗೆ ಸೇರುವುದಿಲ್ಲ, ಪರೀಕ್ಷಾ ಶುಲ್ಕ ಕಟ್ಟಿ ಪರೀಕ್ಷೆಯನ್ನಷ್ಟೇ ಮತ್ತೆ ಬರೆಯುತ್ತಾನೆ. ಆಗ ನೋಂದಣಿ ಒಂದೇ, ಪ್ರಯತ್ನಗಳು ಹಲವು. ಅಂಥ ಕಡೆ ಪ್ರತಿ ಪ್ರಯತ್ನಕ್ಕೂ ಹೊಸ ನೋಂದಣಿ ಸಾಲು ಹಾಕಿದರೆ, ತರಗತಿಯಲ್ಲಿ ಇಲ್ಲದವರ ಹೆಸರು ಹಾಜರಿ ಪುಸ್ತಕದಲ್ಲಿ ಬಂದುಬಿಡುತ್ತದೆ. ಗ್ರೇಡನ್ನು ನೋಂದಣಿಯ ಸಾಲಿನಿಂದ ತೆಗೆದು, ಅದರ ಕೆಳಗೆ ‘ಪರೀಕ್ಷಾ ಪ್ರಯತ್ನ’ ಎಂಬ ಇನ್ನೊಂದು ಟೇಬಲ್ ಇಟ್ಟು, ಪರೀಕ್ಷೆ ನಡೆದ ತಿಂಗಳು ಮತ್ತು ಗ್ರೇಡನ್ನು ಅಲ್ಲಿ ಬರೆಯಬೇಕು. ಟೇಬಲ್ ಮಾಡಲು ಕೂರುವ ಮುನ್ನ ಪರೀಕ್ಷಾ ವಿಭಾಗದ ಹಿರಿಯ ಗುಮಾಸ್ತರ ಹತ್ತಿರ ಅರ್ಧ ಗಂಟೆ ಕೂತು ‘ಫೇಲಾದವರು ಏನು ಮಾಡುತ್ತಾರೆ, ಹೇಳಿ ಸಾರ್’ ಎಂದು ಕೇಳಿದರೆ ಯಾವ ಪುಸ್ತಕದಲ್ಲೂ ಇಲ್ಲದ ಉತ್ತರ ಸಿಗುತ್ತದೆ. ಈ ಕೆಲಸದಲ್ಲಿ ಅತ್ಯಂತ ಬೆಲೆಬಾಳುವ ಅರ್ಧ ಗಂಟೆ ಅದೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಗ್ರೇಡ್‌ನ ಕಾಲಂ ಬಗ್ಗೆ ಇನ್ನಷ್ಟು ಹೇಳುವುದಿದೆ. ಆಗಸ್ಟ್‌ನಲ್ಲಿ ಸೇರಿದವರಿಗೆ ಗ್ರೇಡ್ ಬರುವುದು ಡಿಸೆಂಬರ್ ನಂತರ. ಅಲ್ಲಿಯವರೆಗೆ ಆ ಮನೆ ಖಾಲಿ, ಡೇಟಾಬೇಸ್‌ನ ಭಾಷೆಯಲ್ಲಿ `NULL`. ಅದಕ್ಕೇ ದಿನಾಂಕದ ಎದುರು `NOT NULL` ಇದೆ, ಗ್ರೇಡ್‌ನ ಎದುರು ಇಲ್ಲ. ಖಾಲಿ ಇರುವುದು ನೋಡಲು ಚೆನ್ನಾಗಿಲ್ಲವೆಂದು ಕೆಲವರು ಮೊದಲೇ 0 ತುಂಬಿಬಿಡುತ್ತಾರೆ. ಹಾಗೆ ಮಾಡಬಾರದು. ಮೂರು ಕೋರ್ಸ್‌ನಲ್ಲಿ ಎರಡರ ಫಲಿತಾಂಶ ಬಂದಿದೆ, 8 ಮತ್ತು 6, ಮೂರನೆಯದು ಇನ್ನೂ ಬಂದಿಲ್ಲ ಎನ್ನಿ. ಖಾಲಿ ಬಿಟ್ಟಿದ್ದರೆ ಡೇಟಾಬೇಸ್‌ನ `AVG` ಅದನ್ನು ಬಿಟ್ಟು ಸರಾಸರಿ 7 ಎನ್ನುತ್ತದೆ. 0 ತುಂಬಿದ್ದರೆ 4.67 ಎನ್ನುತ್ತದೆ. ಬಾರದ ಫಲಿತಾಂಶ ಫೇಲಾದಂತೆ ಲೆಕ್ಕಕ್ಕೆ ಬಂತು.

ಖಾಲಿಗೂ ಒಂದೇ ಅರ್ಥ ಇರಬೇಕು. ಫಲಿತಾಂಶ ಬಾರದವರೂ ಖಾಲಿ, ಮಧ್ಯದಲ್ಲೇ ಕೋರ್ಸ್ ಬಿಟ್ಟವರೂ ಖಾಲಿ ಎಂದಾದರೆ, ಫೆಬ್ರವರಿಯಲ್ಲಿ ಯಾರ ಉತ್ತರಪತ್ರಿಕೆ ಹುಡುಕಬೇಕೆಂದು ತಿಳಿಯುವುದಿಲ್ಲ. ಬಿಟ್ಟವರಿಗೆ, ಗೈರುಹಾಜರಾದವರಿಗೆ ಬೇರೆ ಗುರುತು ಬೇಕು. ಗೈರುಹಾಜರಾತಿಗೆ ಯುಜಿಸಿ ಪಟ್ಟಿಯಲ್ಲೇ `Ab` ಇದೆ.

ಇನ್ನೊಂದು ಸಣ್ಣ ಸಂಗತಿ ಬಹಳ ಜನರನ್ನು ಬೀಳಿಸುತ್ತದೆ. ಎರಡು ಪ್ರಯತ್ನಗಳಲ್ಲಿ ಉತ್ತಮ ಗ್ರೇಡ್ ಬೇಕೆಂದು ಅಕ್ಷರಗಳನ್ನೇ ಹೋಲಿಸಿದರೆ ಕಂಪ್ಯೂಟರ್ ಅಕ್ಷರಮಾಲೆಯ ಕ್ರಮ ಹಿಡಿಯುತ್ತದೆ. ಆ ಕ್ರಮದಲ್ಲಿ `A` ಮೊದಲು, `O` ಎಷ್ಟೋ ಹಿಂದೆ, `F`ಗಿಂತಲೂ ಹಿಂದೆ. ಮೊದಲು ಬರುವುದೇ ಉತ್ತಮ ಎಂದು ಲೆಕ್ಕ ಬರೆದರೆ ಅತ್ಯುತ್ತಮ ಗ್ರೇಡ್ ಪಡೆದವರು ಫೇಲಾದವರಿಗಿಂತ ಕೆಳಗೆ ಹೋಗುತ್ತಾರೆ. ಅಕ್ಷರ ಮತ್ತು ಅದರ ಅಂಕವನ್ನು ಜೋಡಿಸಿ ಚಿಕ್ಕ ಗ್ರೇಡ್ ಟೇಬಲ್ ಒಂದನ್ನು ಇಟ್ಟು, ಅಂಕಗಳನ್ನು ಹೋಲಿಸಬೇಕು. ಆ ಟೇಬಲ್‌ಗೆ ಒಂದು `FOREIGN KEY` ಹಾಕಿದರೆ ಪಟ್ಟಿಯಲ್ಲಿ ಇಲ್ಲದ ಗ್ರೇಡನ್ನು ಯಾರೂ ಟೈಪ್ ಮಾಡಲೂ ಆಗುವುದಿಲ್ಲ.

ಉಳಿದದ್ದು ಅಳಿಸುವ ವಿಚಾರ. ಕರ್ನಾಟಕದ ಪದವಿ ಕಾಲೇಜುಗಳು 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮಕ್ಕೆ ಹೋದವು, 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಇಂಥ ಪ್ರತಿ ಬದಲಾವಣೆಯಲ್ಲೂ ಹಳೆಯ ಕೋರ್ಸ್‌ಗಳು ಹೋಗಿ ಹೊಸವು ಬರುತ್ತವೆ. ‘ಈಗ ಇಲ್ಲದ ಕೋರ್ಸ್ ಪಟ್ಟಿಯಲ್ಲಿ ಯಾಕೆ?’ ಎಂದು ಯಾರೋ ಅಳಿಸಲು ಹೋಗುತ್ತಾರೆ. ಕೀ ಬರೆಯುವಾಗ `ON DELETE CASCADE` ಎಂದು ಸೇರಿಸಿದ್ದರೆ, ಆ ಕೋರ್ಸ್‌ನ ಜೊತೆಗೆ ಅದನ್ನು ಓದಿದ ಎಲ್ಲ ವಿದ್ಯಾರ್ಥಿಗಳ ನೋಂದಣಿ, ದಿನಾಂಕ, ಗ್ರೇಡ್ ಎಲ್ಲ ಒಂದೇ ಏಟಿಗೆ ಅಳಿಸಿಹೋಗುತ್ತವೆ, ಒಂದು ಎಚ್ಚರಿಕೆಯ ಮಾತೂ ಇಲ್ಲದೆ. ಗ್ರೇಡ್ ಇರುವ ಟೇಬಲ್‌ನಲ್ಲಿ ಇದನ್ನು ಬಳಸಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. `ON DELETE RESTRICT` ಎಂದು ಬರೆದರೆ, ಒಬ್ಬರಾದರೂ ಓದಿದ ಕೋರ್ಸನ್ನು ಅಳಿಸಲು ಡೇಟಾಬೇಸ್ ಬಿಡುವುದಿಲ್ಲ. ನಿಂತುಹೋದ ಕೋರ್ಸ್‌ಗೆ ‘ಈಗ ಚಾಲ್ತಿಯಲ್ಲಿಲ್ಲ’ ಎಂಬ ಗುರುತು ಹಾಕಿ, ಸಾಲನ್ನು ಅಲ್ಲೇ ಬಿಡಿ. ಹಳೆಯ ವಿದ್ಯಾರ್ಥಿ ಇಪ್ಪತ್ತು ವರ್ಷದ ಮೇಲೆ ಬಂದು ತನ್ನ ದಾಖಲೆ ಕೇಳುವ ಹಕ್ಕು ಇಟ್ಟುಕೊಂಡಿರುತ್ತಾನೆ.

ನಿಮ್ಮ ಕಾಲೇಜಿಗೋ ಸಂಗೀತ ಶಾಲೆಗೋ ಕೋಚಿಂಗ್ ಕೇಂದ್ರಕ್ಕೋ ಯಾರಾದರೂ ಸಾಫ್ಟ್‌ವೇರ್ ಮಾರಲು ಬಂದರೆ, ಬಣ್ಣಬಣ್ಣದ ಪರದೆಗಳನ್ನು ತೋರಿಸುವ ಮೊದಲು ಇದೊಂದನ್ನು ಮಾಡಿಸಿ. ಒಬ್ಬ ವಿದ್ಯಾರ್ಥಿಯನ್ನು ಒಂದು ಕೋರ್ಸ್‌ಗೆ ಸೇರಿಸಿ `F` ಹಾಕಿಸಿ, ಮುಂದಿನ ವರ್ಷ ಅದೇ ಕೋರ್ಸ್‌ಗೆ ಮತ್ತೆ ಸೇರಿಸಿ ಪಾಸು ಮಾಡಿಸಿ, ಆಮೇಲೆ ಮೊದಲ ವರ್ಷದ ಅಂಕಪಟ್ಟಿ ಮುದ್ರಿಸಿ ಕೊಡಿ ಎನ್ನಿ. ಅದರಲ್ಲಿ `F` ಇಲ್ಲದಿದ್ದರೆ ಆ ಸಾಫ್ಟ್‌ವೇರನ್ನು ಕೊಳ್ಳಬೇಡಿ.